ಪಂಜರದೊಳಗಿನ ಲೆಕ್ಕ

ಜಪಾನಿನ ಗಣಿತ ಶಿಕ್ಷಕ ತೆತ್ಸುಯಾ ಮಿಯಾಮೊಟೊ 2004ರಲ್ಲಿ ತಮ್ಮ ವಿದ್ಯಾರ್ಥಿಗಳಿಗಾಗಿ ರೂಪಿಸಿದ ಒಗಟು ಕೆನ್‌ಕೆನ್. ಸುಡೋಕುವಿನಂತೆ ಇಲ್ಲೂ ಅಡ್ಡಸಾಲಿನಲ್ಲಾಗಲಿ ಕಂಬಸಾಲಿನಲ್ಲಾಗಲಿ ಅಂಕಿ ಮರುಕಳಿಸಬಾರದು. ಆದರೆ ಮೊದಲೇ ತುಂಬಿಟ್ಟ ಅಂಕಿಗಳ ಬದಲು ದಪ್ಪ ಗೆರೆಯ ಪಂಜರಗಳಿರುತ್ತವೆ. ಪಂಜರದ ಮೂಲೆಯಲ್ಲಿ ಬರಬೇಕಾದ ಉತ್ತರವೂ ಮಾಡಬೇಕಾದ ಲೆಕ್ಕದ ಚಿಹ್ನೆಯೂ ಇರುತ್ತವೆ.

ನಾಲ್ಕು ಮನೆಯ ಒಂದು ಸಾಲನ್ನೇ ನೋಡೋಣ. ತುಂಬಬೇಕಾದ್ದು 1ರಿಂದ 4. ಮೊದಲೆರಡು ಮನೆಗಳ ಪಂಜರದಲ್ಲಿ ‘3−’ ಎಂದಿದೆ. ವ್ಯತ್ಯಾಸ 3 ಬರುವುದು 1 ಮತ್ತು 4ಕ್ಕೆ ಮಾತ್ರ. ಯಾವುದು ಮೊದಲು ಎಂದು ಇನ್ನೂ ಗೊತ್ತಿಲ್ಲ, ಚಿಂತೆಯೂ ಬೇಡ. ಉಳಿದ ಮನೆಗಳಿಗೆ 2, 3 ಎಂಬುದಂತೂ ಖಚಿತ. ಈಗ ಮೂರನೆಯ ಮನೆ ತನ್ನ ಕೆಳಗಿನ ಮನೆಯೊಂದಿಗೆ ‘2÷’ ಪಂಜರದಲ್ಲಿದೆ ಎನ್ನಿ. 1-2 ಅಥವಾ 2-4 ಜೋಡಿಗೆ ಮಾತ್ರ ಅದು ಒಪ್ಪುತ್ತದೆ, 3ಕ್ಕೆ ಅಲ್ಲಿ ಜಾಗವಿಲ್ಲ. ಹಾಗಾಗಿ ಮೂರನೆಯದು 2, ಕೊನೆಯದು 3.

ಹೊಸಬರು ಎಡವುವುದು ‘ಎಲ್’ ಆಕಾರದ ಪಂಜರದಲ್ಲಿ. ಮೂರು ಮನೆಗೆ ‘4×’ ಎಂದಿದ್ದರೆ ಬೇರೆಬೇರೆ ಅಂಕಿಗಳಿಂದ ಅದು ಸಾಧ್ಯವೇ ಇಲ್ಲ. 1, 1, 4 ಅಥವಾ 1, 2, 2 ಬೇಕು. ಪಂಜರದೊಳಗೆ ಮರುಕಳಿಕೆಗೆ ತಡೆಯಿಲ್ಲ, ಸಾಲಿಗಷ್ಟೇ ತಡೆ. ಆದ್ದರಿಂದ ಒಂದೇ ಅಂಕಿಗಳು ಎರಡು ತುದಿಗೆ ಹೋಗುತ್ತವೆ, ಒಂಟಿ ಅಂಕಿ ತಿರುವಿನಲ್ಲಿ ಕೂರುತ್ತದೆ.