ಬಡ್ಡಿಯೇ ಇಲ್ಲದ ಬಿಲ್ಲಿನಲ್ಲಿ ಗಳಿಕೆ ಎಲ್ಲಿಂದ?

ಕೇಂದ್ರ ಸರ್ಕಾರಕ್ಕೆ ಕೆಲವು ತಿಂಗಳ ಮಟ್ಟಿಗೆ ಕೈಸಾಲ ಬೇಕಾದಾಗ ಅದು ಟ್ರೆಷರಿ ಬಿಲ್ ಮಾರುತ್ತದೆ. ಸರ್ಕಾರದ ಪರವಾಗಿ ರಿಸರ್ವ್ ಬ್ಯಾಂಕ್ ಸಾಮಾನ್ಯವಾಗಿ ಪ್ರತಿ ಬುಧವಾರ ಹರಾಜು ನಡೆಸುತ್ತದೆ, ಗುರುವಾರ ಹಣ ಸಂದಾಯವಾಗುತ್ತದೆ. ಬಿಲ್ಲಿನ ಅವಧಿ ಮೂರು ಬಗೆ: 91, 182 ಮತ್ತು 364 ದಿನ. ಮೂರೂ ಏಳರಿಂದ ಭಾಗವಾಗುವ ಸಂಖ್ಯೆಗಳಾದ್ದರಿಂದ ಗುರುವಾರ ಕೊಂಡ ಬಿಲ್ಲಿನ ಅವಧಿ ಗುರುವಾರವೇ ಮುಗಿಯುತ್ತದೆ.

ಈ ಬಿಲ್ಲಿಗೆ ಬಡ್ಡಿ ದರ ಅಂತ ಒಂದಿಲ್ಲ. ನೂರು ರೂಪಾಯಿ ಮುಖಬೆಲೆಯ ಬಿಲ್ಲನ್ನು ಸರ್ಕಾರ ನೂರಕ್ಕಿಂತ ಕಡಿಮೆಗೆ ಮಾರಿ, ಅವಧಿ ಮುಗಿದ ದಿನ ಪೂರ್ತಿ ನೂರು ಕೊಡುತ್ತದೆ. ನಡುವಿನ ವ್ಯತ್ಯಾಸವೇ ನಮ್ಮ ಗಳಿಕೆ. ಆ ವ್ಯತ್ಯಾಸ ವರ್ಷಕ್ಕೆ ಶೇಕಡಾ ಎಷ್ಟಾಯಿತು ಎಂಬುದಕ್ಕೆ ಯೀಲ್ಡ್ ಎನ್ನುತ್ತಾರೆ. ಲೆಕ್ಕ ತಪ್ಪುವುದು ಇಲ್ಲೇ.

91 ದಿನದ ಬಿಲ್ 98 ರೂಪಾಯಿ 40 ಪೈಸೆಗೆ ಸಿಕ್ಕಿತು ಎಂದುಕೊಳ್ಳೋಣ. ಒಂದು ಲಕ್ಷ ಮುಖಬೆಲೆಗೆ ನಾವು ಕಟ್ಟುವುದು 98,400 ರೂಪಾಯಿ, ಗಳಿಕೆ 1,600. ಇದನ್ನು ಶೇಕಡಾ 1.60 ಎಂದು ಬರೆದುಕೊಳ್ಳುವವರೇ ಹೆಚ್ಚು. ಆದರೆ ನಮ್ಮ ಕೈಯಿಂದ ಹೋದದ್ದು ಲಕ್ಷವಲ್ಲ. ಊರ ಲೇವಾದೇವಿಯವರು ಹತ್ತು ಸಾವಿರದ ಸಾಲಕ್ಕೆ ಸಾವಿರ ಬಡ್ಡಿಯನ್ನು ಮೊದಲೇ ಹಿಡಿದು ಒಂಬತ್ತು ಸಾವಿರ ಎಣಿಸಿ ಕೊಡುತ್ತಾರಲ್ಲ, ಅಲ್ಲಿ ಬಡ್ಡಿ ಹತ್ತರಷ್ಟಲ್ಲ, ಹನ್ನೊಂದನ್ನೂ ದಾಟುತ್ತದೆ. ಟ್ರೆಷರಿ ಬಿಲ್ಲಿನಲ್ಲೂ ಅದೇ ಲೆಕ್ಕ, ಸಾಲ ಕೊಡುವ ಜಾಗದಲ್ಲಿ ಮಾತ್ರ ನಾವಿದ್ದೇವೆ. ಹಾಗಾಗಿ 1,600ನ್ನು ಭಾಗಿಸಬೇಕಾದದ್ದು 98,400ರಿಂದ. ಬರುವುದು ಶೇಕಡಾ 1.626. ಇದು 91 ದಿನದ ಗಳಿಕೆ. 365ರಿಂದ ಗುಣಿಸಿ 91ರಿಂದ ಭಾಗಿಸಿದರೆ ವರ್ಷದ ಯೀಲ್ಡ್ ಶೇಕಡಾ 6.52. ಮುಖಬೆಲೆಯಿಂದ ಭಾಗಿಸಿದ್ದರೆ 6.42 ಬರುತ್ತಿತ್ತು. ಸೂತ್ರ ಇಷ್ಟೇ:

(100 − P) ÷ P × 365 ÷ d

P ಎಂದರೆ ಕೊಟ್ಟ ಬೆಲೆ, d ಎಂದರೆ ದಿನಗಳು.

ಇನ್ನು 364 ದಿನದ ಬಿಲ್ 93 ರೂಪಾಯಿ 90 ಪೈಸೆಗೆ ಸಿಕ್ಕಿತೆನ್ನಿ. ಯೀಲ್ಡ್ ಶೇಕಡಾ 6.51. ಹಿಂದಿನದಕ್ಕೆ ಹೆಚ್ಚುಕಡಿಮೆ ಸಮ ಎನಿಸುತ್ತದೆ, ಆದರೆ ಎರಡೂ ಒಂದೇ ಅಲ್ಲ. 91 ದಿನದ ಬಿಲ್ಲಿನ ಹಣ ಮೂರು ತಿಂಗಳಿಗೆ ಕೈಗೆ ಬಂದು, ಗಳಿಕೆ ಸಮೇತ ಅದೇ ದರದಲ್ಲಿ ಮತ್ತೆ ಮತ್ತೆ ತೊಡಗಿದರೆ ವರ್ಷಕ್ಕೆ ಸುಮಾರು ಶೇಕಡಾ 6.68 ಆಗುತ್ತದೆ. ದರ ಇಳಿದರೆ ಅಷ್ಟು ಸಿಗದು. 364 ದಿನದ್ದರಲ್ಲಿ ಆ ಆತಂಕವಿಲ್ಲ, ಚಕ್ರಬಡ್ಡಿಯೂ ಇಲ್ಲ. ಬ್ಯಾಂಕ್ ಠೇವಣಿಯೊಂದಿಗೆ ಹೋಲಿಸುವಾಗ ಇದನ್ನು ಮರೆಯಬಾರದು. ಮೂರು ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸುವ ಶೇಕಡಾ 6.5ರ ಠೇವಣಿ ಒಂದು ಲಕ್ಷಕ್ಕೆ ವರ್ಷದಲ್ಲಿ ಸುಮಾರು 6,660 ರೂಪಾಯಿ ಕೊಡುತ್ತದೆ. ಶೇಕಡಾ 6.51ರ ಆ ಬಿಲ್ಲಿನಲ್ಲಿ ಅಷ್ಟೇ ಹಣ ತೊಡಗಿಸಿದರೆ ಸಿಗುವುದು ಸುಮಾರು 6,500. ಕಾಗದದ ಮೇಲೆ ದೊಡ್ಡದಾಗಿ ಕಂಡ ದರವೇ ಕೈಗೆ ಕಡಿಮೆ ತಂದಿತು.

ಅವಧಿಗೆ ಮೊದಲೇ ಮಾರಬೇಕಾಗಿ ಬಂದರೆ? ನಮ್ಮ 98.40ರ ಬಿಲ್ಲಿಗೆ 30 ದಿನ ಕಳೆದಿದೆ, ಇನ್ನೂ 61 ದಿನ ಉಳಿದಿದೆ. ಮಾರುಕಟ್ಟೆಯ ಯೀಲ್ಡ್ ಬದಲಾಗದಿದ್ದರೆ ಅದರ ಬೆಲೆ 98.92 ಆಗಿರಬೇಕು. ಯೀಲ್ಡ್ ಏಕಾಏಕಿ ಶೇಕಡಾ 8ಕ್ಕೆ ಏರಿದರೆ 98.68ಕ್ಕೆ ನಿಲ್ಲುತ್ತದೆ. ಅಂಥ ದೊಡ್ಡ ಏರಿಕೆಯಲ್ಲೂ ಅಸಲು ಉಳಿಯಿತು, ಆದರೆ ಗಳಿಕೆ ವರ್ಷಕ್ಕೆ ಶೇಕಡಾ 3.5ರ ಆಸುಪಾಸಿಗೆ ಕುಸಿಯಿತು. ಉಳಿದ ದಿನ ಕಡಿಮೆಯಾದಷ್ಟೂ ಈ ಏರಿಳಿತದ ಪೆಟ್ಟು ಕಡಿಮೆ. ಕೊನೆವರೆಗೂ ಇಟ್ಟುಕೊಂಡವರಿಗೆ ಪೂರ್ತಿ ನೂರು ಬಂದೇ ಬರುತ್ತದೆ. ಸಣ್ಣ ಮೊತ್ತಕ್ಕೆ ಕೊಳ್ಳುವವರು ಬೇಗ ಸಿಗದಿರಬಹುದು, ಹಾಗಾಗಿ ಬೇಕಾಗುವ ದಿನಕ್ಕೆ ಹೊಂದುವ ಅವಧಿಯನ್ನೇ ಆರಿಸುವುದು ಲೇಸು.

2021ರ ನವೆಂಬರ್‌ನಲ್ಲಿ ಶುರುವಾದ ರಿಸರ್ವ್ ಬ್ಯಾಂಕಿನ ರಿಟೇಲ್ ಡೈರೆಕ್ಟ್ ಖಾತೆಯ ಮೂಲಕ ಜನಸಾಮಾನ್ಯರೂ 10,000 ರೂಪಾಯಿ ಮುಖಬೆಲೆಯಿಂದ ಬಿಲ್ ಕೊಳ್ಳಬಹುದು. ನಾವು ಬೆಲೆ ಕೂಗಬೇಕಿಲ್ಲ. ಬ್ಯಾಂಕುಗಳಂಥ ದೊಡ್ಡವರು ಕೂಗಿದ ಬಿಡ್‌ಗಳಲ್ಲಿ ಗೆದ್ದವುಗಳ ಸರಾಸರಿ ಬೆಲೆಗೆ ನಮಗೆ ಬಿಲ್ ಸಿಗುತ್ತದೆ. ಅಂದರೆ ಹಣ ಕಟ್ಟುವಾಗ ಯೀಲ್ಡ್ ಎಷ್ಟೆಂದು ಖಚಿತವಾಗಿ ಗೊತ್ತಿರುವುದಿಲ್ಲ, ಹಿಂದಿನ ವಾರದ ಹರಾಜಿನ ಫಲಿತಾಂಶ ನೋಡಿ ಅಂದಾಜು ಮಾಡಿಕೊಳ್ಳಬೇಕು.

ಅವಧಿ ಮುಗಿದು ಹಣ ಬಂದಾಗ ಠೇವಣಿ ಬಡ್ಡಿಯಂತೆ ಟಿಡಿಎಸ್ ಕಡಿತವಾಗಿರುವುದಿಲ್ಲ. ಆದರೆ ಆ 1,600 ರೂಪಾಯಿಗೂ ನಿಮ್ಮ ಆದಾಯದ ಹಂತಕ್ಕೆ ತಕ್ಕ ತೆರಿಗೆ ಉಂಟು. ಕೊಂಡ ಬೆಲೆಯ ದಾಖಲೆ ಜೋಪಾನವಾಗಿಡಿ, ರಿಟರ್ನ್ಸ್ ಸಲ್ಲಿಸುವಾಗ ಗಳಿಕೆಯನ್ನು ನೀವೇ ತೋರಿಸಬೇಕು.