‘ಕ’ ಬರೆದರೆ ‘ಕ’ ಕಾಣುವುದೇಕೆ?

ಜಾಲತಾಣವೊಂದನ್ನು ತೆರೆದಾಗ ಕನ್ನಡ ಇರಬೇಕಾದ ಕಡೆಯೆಲ್ಲ ‘ಕನ’ ಎಂಬಂಥ ವಿಚಿತ್ರ ಸಾಲುಗಳು ಕಂಡರೆ, ತಮ್ಮ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಕನ್ನಡ ಫಾಂಟ್ ಇಲ್ಲವೆಂದೇ ಹೆಚ್ಚಿನವರು ತಿಳಿಯುತ್ತಾರೆ. ಹೊಸ ಫಾಂಟ್ ಹಾಕಿ ನೋಡುತ್ತಾರೆ, ಏನೂ ಬದಲಾಗುವುದಿಲ್ಲ. ಬದಲಾಗುವಂತೆಯೂ ಇಲ್ಲ, ಏಕೆಂದರೆ ತೊಂದರೆ ಫಾಂಟಿನದಲ್ಲ. ಫಾಂಟ್ ಇಲ್ಲದಿದ್ದರೆ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಕಾಣುತ್ತವೆ. ಫ್ರೆಂಚ್ ಭಾಷೆಯ à, ಗಣಿತದ ² ಇಂಥವು ಸಾಲುಗಟ್ಟಿ ಬಂದಿವೆ ಎಂದರೆ ಅಕ್ಷರಗಳು ನಿಮ್ಮ ತನಕ ಸುರಕ್ಷಿತವಾಗಿಯೇ ಬಂದಿವೆ. ಅವನ್ನು ಹೇಗೆ ಓದಬೇಕೆಂದು ಮಾತ್ರ ಬ್ರೌಸರಿಗೆ ಯಾರೋ ತಪ್ಪು ಹೇಳಿದ್ದಾರೆ, ಇಲ್ಲವೇ ಯಾರೂ ಹೇಳಿಲ್ಲ.

ಒಂದೇ ಅಕ್ಷರವನ್ನು ಹಿಡಿದು ನೋಡೋಣ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 0C80ರಿಂದ 0CFFವರೆಗಿನ ಸಂಖ್ಯೆಗಳು ಮೀಸಲಾಗಿವೆ. ಅದರಲ್ಲಿ ‘ಕ’ದ ಸಂಖ್ಯೆ 0C95. ಈ ಸಂಖ್ಯೆಯನ್ನು ಕಡತದಲ್ಲಿ ಬರೆದಿಡಲು, ಜಾಲದ ಮೂಲಕ ಕಳಿಸಲು ಇಂದು ಎಲ್ಲೆಡೆ ಬಳಕೆಯಲ್ಲಿರುವ ಪದ್ಧತಿ ಯುಟಿಎಫ್-8. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ್ದು. ಆ ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ‘ಕ’ ಎಂಬುದು E0, B2, 95 ಎಂಬ ಮೂರು ಬೈಟುಗಳಾಗುತ್ತದೆ.

ಇದೇ ಮೂರು ಬೈಟುಗಳನ್ನು, ಪಶ್ಚಿಮ ಯುರೋಪಿನ ಭಾಷೆಗಳಿಗಾಗಿ ಮಾಡಿದ ವಿಂಡೋಸ್-1252 ಎಂಬ ಹಳೆಯ ಕೋಷ್ಟಕದ ಪ್ರಕಾರ ಓದಿದರೆ ಏನಾಗುತ್ತದೆ? ಅಲ್ಲಿ ಒಂದು ಬೈಟಿಗೆ ಒಂದು ಅಕ್ಷರ ಎಂಬುದೇ ನಿಯಮ. E0 ಎಂದರೆ à, B2 ಎಂದರೆ ², 95 ಎಂದರೆ •. ಹೀಗೆ ಒಂದು ‘ಕ’ ಒಡೆದು ‘ಕ’ ಎಂಬ ಮೂರು ಚಿಹ್ನೆಗಳಾಗುತ್ತದೆ. ‘ಕನ್ನಡ’ ಎಂಬ ಪದದಲ್ಲಿ ಕ, ನ, ಹಲಂತ, ನ, ಡ ಎಂಬ ಐದು ಸಂಕೇತಗಳಿವೆ, ಒಟ್ಟು ಹದಿನೈದು ಬೈಟು. ಪರದೆಯ ಮೇಲೆ ಆ ಒಂದು ಪದ ಅಷ್ಟುದ್ದ ಹರಡಿಕೊಳ್ಳುವುದು ಇದಕ್ಕೇ.

ಈ ಲೆಕ್ಕ ಗೊತ್ತಿದ್ದರೆ ಕೆಟ್ಟುಹೋದ ಪುಟವನ್ನು ನೋಡಿಯೇ ಅದು ಯಾವ ಭಾಷೆಯದೆಂದು ಹೇಳಬಹುದು. ಕನ್ನಡದ ಸಂಕೇತಗಳೆಲ್ಲ E0 B2 ಅಥವಾ E0 B3ರಿಂದ ಶುರುವಾಗುವುದರಿಂದ ಪುಟದ ತುಂಬ à² ಮತ್ತು à³ ಕಾಣುತ್ತವೆ. ತೆಲುಗಾದರೆ à° ಮತ್ತು à±, ದೇವನಾಗರಿಯಾದರೆ à¤ ಮತ್ತು à¥, ತಮಿಳಾದರೆ à® ಮತ್ತು à¯. ನನಗೆ ಇದು ಬಹಳ ಉಪಯೋಗಕ್ಕೆ ಬಂದ ಗುರುತು. à² ಕಂಡಿತೆಂದರೆ ಕಡತದಲ್ಲಿ ಯುಟಿಎಫ್-8 ಕನ್ನಡ ಇದೆ, ಓದುವ ಬಗೆಯಷ್ಟೇ ತಪ್ಪಿದೆ ಎಂಬ ಭರವಸೆ ಬಹುಮಟ್ಟಿಗೆ ಸಿಗುತ್ತದೆ.

ಓದುವ ಬಗೆಯನ್ನು ಬ್ರೌಸರಿಗೆ ಹೇಳುವವರು ಯಾರು? ನಾವು ಒಂದು ಪುಟವನ್ನು ಕೇಳಿದಾಗ ಸರ್ವರ್ ಮೊದಲು ಕೆಲವು ಸಾಲುಗಳ ಹೆಡರ್ ಕಳಿಸಿ, ಅದರ ಹಿಂದೆಯೇ ಪುಟವನ್ನು ಕಳಿಸುತ್ತದೆ. ಹೆಡರ್ ಎಂದರೆ ಲಕೋಟೆಯ ಮೇಲಿನ ಬರಹ, ಪುಟ ಎಂದರೆ ಒಳಗಿನ ಕಾಗದ. ಒಳಗಿರುವುದು ಯಾವ ಬಗೆಯದು, ಯಾವ ಪದ್ಧತಿಯಲ್ಲಿ ಬರೆದದ್ದು ಎಂದು ಹೇಳುವ ಸಾಲು ಹೀಗಿರಬೇಕು:

```
Content-Type: text/html; charset=UTF-8
```

ಇದರಲ್ಲಿ charset ಎಂಬ ಭಾಗ ಇಲ್ಲದಿದ್ದರೆ ಬ್ರೌಸರ್ ಪುಟದೊಳಗೆ ಹುಡುಕುತ್ತದೆ. ಅಲ್ಲಿ, ಮೊದಲ 1024 ಬೈಟುಗಳ ಒಳಗೆ, ಈ ಸಾಲು ಸಿಕ್ಕರೆ ಅದರಂತೆ ಓದುತ್ತದೆ:

```
<meta charset="utf-8">
```

ಅದೂ ಇಲ್ಲವಾದರೆ ಊಹೆಯೇ ಗತಿ. ಊಹೆ ಕೆಲವೊಮ್ಮೆ ಸರಿಯಾಗಿರುತ್ತದೆ, ಹಲವು ಬಾರಿ ವಿಂಡೋಸ್-1252ರ ಮೇಲೆ ಹೋಗಿ ನಿಲ್ಲುತ್ತದೆ. ಒಂದೇ ಪುಟ ಒಬ್ಬರ ಬ್ರೌಸರಿನಲ್ಲಿ ಸರಿಯಾಗಿಯೂ ಇನ್ನೊಬ್ಬರದರಲ್ಲಿ ಕೆಟ್ಟೂ ಕಾಣುವುದು ಹೀಗೆ.

ಇಷ್ಟನ್ನು ಓದಿದವರು ಪುಟದೊಳಗೆ meta ಸಾಲು ಹಾಕಿದರೆ ಮುಗಿಯಿತಲ್ಲ ಎನ್ನಬಹುದು. ಮುಗಿಯುವುದಿಲ್ಲ, ನಿಜವಾದ ಗೋಜಲು ಇರುವುದೇ ಇಲ್ಲಿ. ನನಗೆ ಪರಿಚಯವಿರುವ ಒಂದು ಓದುಗರ ಸಂಘ ತನ್ನಲ್ಲಿರುವ ಪುಸ್ತಕಗಳ ಪಟ್ಟಿಯನ್ನು ಜಾಲತಾಣದಲ್ಲಿ ಇಟ್ಟಿತ್ತು. ವರ್ಷಗಟ್ಟಲೆ ಚೆನ್ನಾಗಿಯೇ ಕಾಣುತ್ತಿದ್ದ ಪಟ್ಟಿ, ತಾಣವನ್ನು ಬೇರೊಂದು ಸರ್ವರಿಗೆ ಸಾಗಿಸಿದ ದಿನವೇ à² ಮಯವಾಯಿತು. ಕಡತದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ, meta ಸಾಲು ಇರಬೇಕಾದ ಜಾಗದಲ್ಲೇ ಇತ್ತು. ಸಂಘದವರು ಪುಟವನ್ನು ಮತ್ತೆ ಮತ್ತೆ ಏರಿಸಿ ಸೋತಿದ್ದರು. ಆಗ ಮಾಡಬೇಕಾದ ಕೆಲಸ ಕಡತವನ್ನು ಬಿಟ್ಟು ಲಕೋಟೆಯನ್ನು ನೋಡುವುದು. ಅದಕ್ಕೆ ಕಂಪ್ಯೂಟರಿನ ಕಮಾಂಡ್ ಕಿಂಡಿಯಲ್ಲಿ ಒಂದು ಸಾಲು ಸಾಕು (ವಿಳಾಸ ನಿಮ್ಮದನ್ನು ಹಾಕಿಕೊಳ್ಳಿ):

```
curl -I https://example.org/patti.html
```

ಉತ್ತರದಲ್ಲಿ ಬಂದ ಸಾಲು ಇದು:

```
Content-Type: text/html; charset=ISO-8859-1
```

ಹೊಸ ಸರ್ವರಿನ ಮೂಲ ಸೆಟ್ಟಿಂಗ್‌ನಲ್ಲಿಯೇ ಪ್ರತಿ ಪುಟಕ್ಕೂ ಐಎಸ್ಒ-8859-1 ಎಂಬ ಹಣೆಪಟ್ಟಿ ಅಂಟಿಸುವ ವ್ಯವಸ್ಥೆ ಇತ್ತು. ಬ್ರೌಸರುಗಳು ಆ ಹೆಸರನ್ನು ಕಂಡರೆ ವಿಂಡೋಸ್-1252 ಎಂದೇ ಓದುತ್ತವೆ. ಹೆಡರ್ ಒಂದು ಹೇಳಿ ಒಳಗಿನ meta ಇನ್ನೊಂದು ಹೇಳಿದರೆ ಗೆಲ್ಲುವುದು ಹೆಡರ್. ಅನ್ಯಾಯವೆನಿಸಿದರೂ ಇದಕ್ಕೆ ಕಾರಣವಿದೆ: ದಾರಿಯಲ್ಲಿ ಸರ್ವರ್ ಪುಟವನ್ನು ಬೇರೆ ಪದ್ಧತಿಗೆ ಪರಿವರ್ತಿಸಿ ಕಳಿಸಿದರೆ, ಒಳಗಿನ ಹಳೆಯ ಸಾಲು ಸುಳ್ಳಾಗಿಬಿಡುತ್ತದೆ, ಕೊನೆಯಲ್ಲಿ ಕೈಯಿಟ್ಟವರ ಮಾತೇ ನಿಜವಾಗಿರುತ್ತದೆ ಎಂಬ ತರ್ಕ. ಹೆಡರನ್ನೂ ಮೀರಿಸುವುದು ಒಂದೇ ಒಂದು. ಕಡತದ ಮೊಟ್ಟಮೊದಲಿಗೆ EF BB BF ಎಂಬ ಮೂರು ಬೈಟುಗಳ ಗುರುತಿದ್ದರೆ ಬ್ರೌಸರ್ ಬೇರೇನನ್ನೂ ಕೇಳದೆ ಯುಟಿಎಫ್-8 ಎಂದು ಓದುತ್ತದೆ.

ಸಂಘದ ಸರ್ವರ್ ಅಪಾಚೆಯದು. ಪುಟಗಳಿರುವ ಫೋಲ್ಡರಿನಲ್ಲಿ .htaccess ಎಂಬ ಹೆಸರಿನ ಕಡತ ಮಾಡಿ ಅದರಲ್ಲಿ ಈ ಒಂದು ಸಾಲು ಬರೆಯಲಾಯಿತು:

```
AddDefaultCharset UTF-8
```

ಇದು ಸರ್ವರಿನ ಮೂಲ ಸೆಟ್ಟಿಂಗನ್ನು ಆ ಫೋಲ್ಡರಿನ ಮಟ್ಟಿಗೆ ಬದಲಿಸುತ್ತದೆ. ಸರ್ವರ್ ನಡೆಸುವವರು .htaccessಗೆ ಅನುಮತಿ ಕೊಟ್ಟಿರಬೇಕು, ಇಲ್ಲದಿದ್ದರೆ ಅವರನ್ನೇ ಕೇಳಬೇಕಾಗುತ್ತದೆ. ಎಂಜಿನ್‌ಎಕ್ಸ್ ಸರ್ವರಾದರೆ ಅದರ ಸೆಟ್ಟಿಂಗಿನಲ್ಲಿ `charset utf-8;` ಎಂದು ಸೇರಿಸಬೇಕು. ಪುಟವನ್ನು ಪಿಎಚ್‌ಪಿ ತಯಾರಿಸುತ್ತಿದ್ದರೆ ಕಾರ್ಯಕ್ರಮದ ಆರಂಭದಲ್ಲೇ ಹೀಗೆ:

```
header('Content-Type: text/html; charset=UTF-8');
```

‘ಆರಂಭದಲ್ಲೇ’ ಎಂಬುದನ್ನು ಒತ್ತಿ ಹೇಳುತ್ತೇನೆ. ಪುಟದ ಒಂದಕ್ಷರ, ಒಂದು ಖಾಲಿ ಸಾಲು ಹೊರಟುಹೋದ ಮೇಲೂ ಹೆಡರ್ ಕಳಿಸಲಾಗದು. ಆಗ ಪಿಎಚ್‌ಪಿ, ಹೆಡರುಗಳು ಆಗಲೇ ಹೋಗಿವೆ ಎಂದು ಎಚ್ಚರಿಕೆ ಕೊಡುತ್ತದೆ.

ಬದಲಾವಣೆ ಮಾಡಿದ ಮೇಲೆ ಪುಟ ಹಾಗೇ ಕೆಟ್ಟು ಕಂಡರೆ ಗಾಬರಿ ಬೇಡ. ಬ್ರೌಸರ್ ತಾನು ಉಳಿಸಿಕೊಂಡ ಹಳೆಯ ಪ್ರತಿಯನ್ನೇ ತೋರಿಸುತ್ತಿರಬಹುದು, ಕಂಟ್ರೋಲ್, ಶಿಫ್ಟ್, ಆರ್ ಒಟ್ಟಿಗೆ ಒತ್ತಿದರೆ ಹೊಸದು ಬರುತ್ತದೆ. ಬ್ರೌಸರ್ ಈಗ ಹೇಗೆ ಓದುತ್ತಿದೆ ಎಂದು ಅದನ್ನೇ ಕೇಳಲೂಬಹುದು. ಎಫ್12 ಒತ್ತಿದಾಗ ತೆರೆಯುವ ಕಿಂಡಿಯ ಕನ್ಸೋಲಿನಲ್ಲಿ `document.characterSet` ಎಂದು ಟೈಪಿಸಿದರೆ, ಉತ್ತರ UTF-8 ಎಂದೋ windows-1252 ಎಂದೋ ಬರುತ್ತದೆ. ಸಂಘದ ಪಟ್ಟಿಗೆ UTF-8 ಎಂಬ ಉತ್ತರ ಬಂತು, ಕನ್ನಡ ಮರಳಿತು.

ಅದೇ ತಾಣದಲ್ಲಿ .txt ಕಡತಗಳಾಗಿ ಇಟ್ಟ ಕೆಲವು ವಾರ್ಷಿಕ ವರದಿಗಳೂ ಇದ್ದವು. ಬರಿ ಪಠ್ಯದ ಕಡತದೊಳಗೆ meta ಸಾಲು ಬರೆಯುವ ಸೌಲಭ್ಯವೇ ಇಲ್ಲ, ಬರೆದರೆ ಅದೂ ಪಠ್ಯವಾಗಿ ಕಾಣುತ್ತದೆ. ಇಂಥ ಕಡತಗಳು ಹೆಡರನ್ನೇ ನಂಬಿಕೊಂಡಿರುತ್ತವೆ. meta ಒಂದೇ ಸಾಕು ಎನ್ನುವವರ ಜೊತೆ ನಾನು ಒಪ್ಪದಿರುವುದಕ್ಕೆ ಇದೂ ಒಂದು ಕಾರಣ. ಎರಡೂ ಇರಬೇಕು: ಜಾಲದಲ್ಲಿ ಓದುವವರಿಗೆ ಹೆಡರ್, ಪುಟವನ್ನು ಇಳಿಸಿಕೊಂಡು ತಮ್ಮ ಕಂಪ್ಯೂಟರಿನಲ್ಲೇ ತೆರೆಯುವವರಿಗೆ meta. ಅಲ್ಲಿ ಸರ್ವರ್ ಇಲ್ಲ, ಹೆಡರೂ ಇಲ್ಲ.

ಹೆಡರ್ ಸರಿಪಡಿಸಿದರೂ ಸರಿಯಾಗದ ಕನ್ನಡ ಮೂರು ಬಗೆಯದಿದೆ. ಪುಟದಲ್ಲಿ ‘PÀ£ÀßqÀ’ ಎಂದು ಕಂಡರೆ ಅದು ಯೂನಿಕೋಡೇ ಅಲ್ಲ, ನುಡಿಯ ಹಳೆಯ ಫಾಂಟಿಗಾಗಿ ಟೈಪಿಸಿದ ‘ಕನ್ನಡ’. à²ಗಳ ಸಾಲು ಇಲ್ಲಿ ಇಲ್ಲದಿರುವುದೇ ಗುರುತು. ಅದನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದೇ ಪ್ರಕಟಿಸಬೇಕು.

ಎರಡನೆಯದು, ಕೆಟ್ಟು ಕಂಡದ್ದನ್ನೇ ಯಾರಾದರೂ ನಕಲಿಸಿ ಮತ್ತೆ ಯುಟಿಎಫ್-8ನಲ್ಲಿ ಉಳಿಸಿದ್ದರೆ. ಆಗ à, ², • ಎಂಬ ಮೂರು ಚಿಹ್ನೆಗಳೂ ತಮ್ಮದೇ ಹೊಸ ಬೈಟುಗಳನ್ನು ಪಡೆಯುತ್ತವೆ, ಮೂರು ಬೈಟಿನ ‘ಕ’ ಏಳು ಬೈಟಾಗುತ್ತದೆ. ಹೆಡರ್ ಸರಿಯಿದ್ದು, ಬ್ರೌಸರ್ UTF-8 ಎಂದು ಹೇಳುತ್ತಿದ್ದೂ à² ಕಾಣುತ್ತಿದ್ದರೆ ಆಗಿರುವುದು ಇದೇ. ಇದನ್ನು ಹಿಂದಕ್ಕೆ ಬಿಡಿಸಬಹುದು, ಆದರೆ ಕಡತದ ಮೇಲೆಯೇ ಕೆಲಸ ಮಾಡಬೇಕು.

ಮೂರನೆಯದು ‘?????’. ಕನ್ನಡಕ್ಕೆ ಜಾಗವೇ ಇಲ್ಲದ ಕೋಷ್ಟಕದಲ್ಲಿ ಕಡತವನ್ನು ಉಳಿಸಿದಾಗ ಪ್ರತಿ ಸಂಕೇತದ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಕೂರುತ್ತದೆ. ಹಳೆಯ ನೋಟ್‌ಪ್ಯಾಡಿನಲ್ಲಿ ANSI ಎಂಬ ಆಯ್ಕೆಯಲ್ಲಿ ಉಳಿಸಿ, ಅದು ಕೊಡುವ ಎಚ್ಚರಿಕೆಗೆ ಸರಿ ಎಂದುಬಿಟ್ಟರೆ ಆಗುವುದು ಇದೇ. ಬೈಟುಗಳು ಇಲ್ಲಿ ತಪ್ಪಾಗಿ ಓದಲ್ಪಟ್ಟಿಲ್ಲ, ಅಳಿಸಿಯೇ ಹೋಗಿವೆ. ಯಾವ ಹೆಡರೂ ಯಾವ ಪರಿವರ್ತಕವೂ ಅವನ್ನು ತರಲಾರವು. ಆದ್ದರಿಂದ ತಾಣ ನೋಡಿಕೊಳ್ಳುವವರಲ್ಲಿ ನನ್ನದೊಂದು ಕೋರಿಕೆ: ಪುಟ ಕೆಟ್ಟು ಕಂಡಾಗ ಕಡತವನ್ನು ತೆರೆದು ತಿದ್ದಲು ಹೋಗಬೇಡಿ. ಮೊದಲು ಅದರ ಒಂದು ಪ್ರತಿಯನ್ನು ಬೇರೆಡೆ ತೆಗೆದಿಡಿ, ಆಮೇಲೆ curl ಓಡಿಸಿ ಹೆಡರ್ ಏನು ಹೇಳುತ್ತಿದೆ ನೋಡಿ.