ತುಂಬುತ್ತಲೇ ಬಸಿಯುವ ಪವರ್ ಬ್ಯಾಂಕ್

ಹಾಸ್ಟೆಲ್ ಕೋಣೆಯಲ್ಲಿ ಇರುವುದು ಒಂದೇ ಪ್ಲಗ್ ಪಾಯಿಂಟ್. ಅದಕ್ಕೆ ಪವರ್ ಬ್ಯಾಂಕ್, ಪವರ್ ಬ್ಯಾಂಕಿಗೆ ಫೋನ್ ಸಿಕ್ಕಿಸಿ ಮಲಗುತ್ತೇನೆ. ಮುಟ್ಟಿ ನೋಡಿದರೆ ಪವರ್ ಬ್ಯಾಂಕ್ ಬಿಸಿ. ಈಗೀಗ ಮೊದಲಿನಷ್ಟು ಹೊತ್ತು ಬರುವುದೂ ಇಲ್ಲ, ಏಕೆ ಎಂದು ಓದುಗರೊಬ್ಬರು ಕೇಳಿದ್ದಾರೆ.

ಕರೆಂಟು ನೇರವಾಗಿ ಫೋನಿಗೆ ಹಾಯ್ದು ಹೋಗುತ್ತದೆ, ಒಳಗಿನ ಸೆಲ್ ತನ್ನ ಪಾಡಿಗೆ ಇರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಕೆಲವು ಒಳ್ಳೆಯ ಮಾದರಿಗಳಲ್ಲಿ ಅಂಥ ನೇರ ದಾರಿ ಇದೆ. ಅಗ್ಗದ ಎಷ್ಟೋ ಮಾದರಿಗಳಲ್ಲಿ ಇಲ್ಲ. ಅಲ್ಲಿ ಚಾರ್ಜರಿನ 5 ವೋಲ್ಟನ್ನು ಲಿಥಿಯಂ ಸೆಲ್ಲಿಗೆ ಒಗ್ಗುವಂತೆ 4ರ ಆಸುಪಾಸಿಗೆ ಇಳಿಸಬೇಕು. ಫೋನಿಗೆ ಕೊಡಲು ಅದನ್ನೇ ಮತ್ತೆ 5ಕ್ಕೆ ಏರಿಸಬೇಕು. ಇಳಿಸುವಾಗಲೂ ಏರಿಸುವಾಗಲೂ ನೂರಕ್ಕೆ ಹತ್ತರಷ್ಟು ಸೋರುತ್ತದೆ ಎಂದುಕೊಳ್ಳಿ. ಚಾರ್ಜರ್ 10 ವ್ಯಾಟ್ ಕೊಟ್ಟರೆ ಸೆಲ್ಲಿನ ಬಳಿ ತಲುಪುವುದು 9. ಫೋನಿಗೆ 10 ವ್ಯಾಟ್ ಬೇಕಿದ್ದರೆ ಅಲ್ಲಿಂದ 11 ವ್ಯಾಟ್ ಎಳೆಯಬೇಕು. ಕೊರತೆಯ 2 ವ್ಯಾಟನ್ನು ಸೆಲ್ಲೇ ತುಂಬಿಕೊಡುತ್ತದೆ. ಅಂದರೆ ಗೋಡೆಗೆ ಸಿಕ್ಕಿಸಿದ್ದರೂ ಪವರ್ ಬ್ಯಾಂಕ್ ಬರಿದಾಗುತ್ತಿರುತ್ತದೆ! ಸೋರಿದ್ದೆಲ್ಲ ಗಾಳಿಯಾಡದ ಡಬ್ಬಿಯೊಳಗೆ, ಸೆಲ್ಲಿನ ಮಗ್ಗುಲಲ್ಲೇ, ಶಾಖವಾಗುತ್ತದೆ.

ನನ್ನನ್ನು ಹೆಚ್ಚು ಬೆರಗುಗೊಳಿಸುವುದು ನಡುರಾತ್ರಿಯ ನಂತರದ ಕತೆ. ಫೋನು ತುಂಬುತ್ತ ಬಂದಂತೆ ಅದರ ಎಳೆತ ಕಡಿಮೆಯಾಗಿ ಸೆಲ್ ತುಂಬತೊಡಗುತ್ತದೆ, 4.2 ವೋಲ್ಟ್ ಮುಟ್ಟುತ್ತದೆ. ಇಲ್ಲಿ ಚಾರ್ಜಿಂಗ್ ನಿಲ್ಲಬೇಕು. ಆದರೆ ಸೆಲ್ ತುಂಬಿತೆಂದು ಚಾರ್ಜಿಂಗ್ ನಿಯಂತ್ರಿಸುವ ಚಿಪ್ಪಿಗೆ ಗೊತ್ತಾಗುವುದು ಒಳಹರಿವು ತೀರ ಸಣ್ಣದಾದಾಗ. ಕೆಳಗಿನ ನಲ್ಲಿ ತೆರೆದಿಟ್ಟ ಓವರ್‌ಹೆಡ್ ಟ್ಯಾಂಕಿನ ಫ್ಲೋಟ್ ವಾಲ್ವ್ ಪೂರ್ತಿ ಮುಚ್ಚುವುದುಂಟೆ? ಹಾಗೆಯೇ ಫೋನು ಎಳೆಯುತ್ತಿರುವಷ್ಟು ಹೊತ್ತೂ ಹರಿವು ಇಳಿಯುವುದಿಲ್ಲ, ಚಿಪ್ಪು ನಿಲ್ಲಿಸುವುದಿಲ್ಲ. ಸೆಲ್ ಗಂಟೆಗಟ್ಟಲೆ 4.2 ವೋಲ್ಟಿನಲ್ಲಿ, ಅದೂ ಬಿಸಿಯಲ್ಲಿ, ನಿಂತಿರುತ್ತದೆ.

ಲಿಥಿಯಂ ಸೆಲ್ಲಿಗೆ ಇದಕ್ಕಿಂತ ಕೆಟ್ಟ ಜೋಡಿ ಕಡಿಮೆ. ಪೂರ್ತಿ ತುಂಬಿದ ಸೆಲ್ಲನ್ನು 25 ಡಿಗ್ರಿಯಲ್ಲಿ ವರ್ಷವಿಡೀ ಇಟ್ಟರೆ ಅದರ ಸಾಮರ್ಥ್ಯದಲ್ಲಿ ಸುಮಾರು ಶೇಕಡಾ 80 ಉಳಿಯುತ್ತದೆ. 40 ಡಿಗ್ರಿಯಲ್ಲಿ ಸುಮಾರು 65. ಒಳಗಿನ ದ್ರಾವಣ ಒಡೆದು ಋಣಧ್ರುವದ ಮೇಲೆ ಪದರ ದಪ್ಪವಾಗುತ್ತದೆ, ಲಿಥಿಯಂ ಅದರಲ್ಲಿ ಸಿಕ್ಕಿಬೀಳುತ್ತದೆ, ಅನಿಲವೂ ಹುಟ್ಟುತ್ತದೆ. ಕವಚದ ಜೋಡಣೆ ಬಿರಿಯುವುದು, ಮೇಜಿನ ಮೇಲಿಟ್ಟರೆ ಅಲ್ಲಾಡುವುದು ಈ ಅನಿಲದ ಗುರುತು.

ಮೊದಲು ಫೋನ್, ಆಮೇಲೆ ಪವರ್ ಬ್ಯಾಂಕ್ ಚಾರ್ಜ್ ಮಾಡಿ. ಎರಡು ಪೋರ್ಟಿನ ಚಾರ್ಜರ್ ಇದ್ದರೆ ಎರಡನ್ನೂ ಬೇರೆ ಬೇರೆ ಕೇಬಲ್ಲಿನಲ್ಲಿ ಸಿಕ್ಕಿಸಿ. ಪಾಸ್-ಥ್ರೂ ಸೌಲಭ್ಯವಿದೆ ಎಂದು ಕೈಪಿಡಿಯಲ್ಲಿ ಬರೆದಿದ್ದರೂ ಹಾಸಿಗೆಯ ಮೇಲೆ, ದಿಂಬಿನ ಕೆಳಗೆ ಬೇಡ. ಉಬ್ಬಿದ ಪವರ್ ಬ್ಯಾಂಕನ್ನು ಒತ್ತಬೇಡಿ, ಚುಚ್ಚಬೇಡಿ, ಮತ್ತೆ ಚಾರ್ಜಿಗೆ ಹಾಕಬೇಡಿ. ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಟ್ಟುಬಿಡಿ.